ಇಪ್ಪತ್ನಾಲ್ಕು ತಿಂಗಳು ಮೊದಲೇ ತೀರಿಸಿದ ಸಾಲ

2024ರ ಮಾರ್ಚ್ 28ರಂದು ಕಾರವಾರದ ಬ್ಯಾಂಕೊಂದರಲ್ಲಿ ನಮ್ಮ ಐಸ್ ಫ್ಯಾಕ್ಟರಿಯ ಸಾಲವನ್ನು ಪೂರ್ತಿ ತೀರಿಸಿ, ಸಾಲ ಮುಕ್ತಾಯದ ಪತ್ರ ಹಿಡಿದು ಹೊರಗೆ ಬಂದಾಗ ಮಾವನ ಮುಖದಲ್ಲಿ ಸಂತೋಷ ಇರಲಿಲ್ಲ. ಬೈತಖೋಲ ಬಂದರಿನ ಬೋಟುಗಳಿಗೆ ಐಸ್ ಕೊಡುವ ಈ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ನನ್ನ ಸೋದರಮಾವ ನಡೆಸುತ್ತಾರೆ, ಅದರ ಲೆಕ್ಕವನ್ನು ನಾನು ಬರೆಯುತ್ತೇನೆ. "ಸಾಲ ಬೇಗ ತೀರಿಸಿದ್ದಕ್ಕೆ ಎಪ್ಪತ್ತೆರಡು ಸಾವಿರ ನಷ್ಟವಾಯಿತಲ್ಲ, ತಂಗಿ" ಎಂದು ಅವರು ಮೆಟ್ಟಿಲಿಳಿಯುತ್ತ ಹೇಳಿದರು. ಆ ಎಪ್ಪತ್ತೆರಡು ಸಾವಿರದ ಲೆಕ್ಕವನ್ನು ಅವರಿಗೆ ಕೊಟ್ಟವಳು ನಾನೇ. ಆದರೆ ಎರಡು ಬೇರೆ ಬೇರೆ ಸ್ವಭಾವದ ಮೊತ್ತಗಳನ್ನು ಕೂಡಿಸಿ ಒಂದೇ ಸಾಲಿನಲ್ಲಿ ಬರೆದುಕೊಟ್ಟದ್ದು ನನ್ನ ತಪ್ಪಾಗಿತ್ತು.

ಹೊಸ ಅಮೋನಿಯಾ ಕಂಪ್ರೆಸರ್ ಹಾಕಲು 2021ರ ಏಪ್ರಿಲ್‌ನಲ್ಲಿ 60 ಲಕ್ಷ ರೂಪಾಯಿ ಸಾಲ ಪಡೆದಿದ್ದೆವು. ಬಡ್ಡಿ ಶೇಕಡ 11, ಅದೂ ಸ್ಥಿರ ದರ. ಅವಧಿ 60 ತಿಂಗಳು, ತಿಂಗಳಿಗೆ ಒಂದು ಲಕ್ಷ ಅಸಲು ಮತ್ತು ಅದರ ಮೇಲಿನ ಬಡ್ಡಿ. ಮಂಜೂರಾತಿಯ ಹೊತ್ತಿಗೆ ಬ್ಯಾಂಕು ಶೇಕಡ 1ರಂತೆ 60,000 ರೂಪಾಯಿ ಪ್ರೊಸೆಸಿಂಗ್ ಶುಲ್ಕವನ್ನು ಮುರಿದುಕೊಂಡಿತ್ತು. ಅದು ಐದು ವರ್ಷ ಬಳಸುವ ಹಣಕ್ಕಾಗಿ ಕೊಟ್ಟ ಶುಲ್ಕವಾದ್ದರಿಂದ ಒಂದೇ ವರ್ಷದ ಖರ್ಚಾಗಿ ತೋರಿಸದೆ ಮುಂಗಡ ಖರ್ಚಿನ ಖಾತೆಯಲ್ಲಿ ಆಸ್ತಿಯಾಗಿ ಇಟ್ಟು, ತಿಂಗಳಿಗೆ ಸಾವಿರ ರೂಪಾಯಿಯಂತೆ ಸಾಲದ ವೆಚ್ಚಕ್ಕೆ ವರ್ಗಾಯಿಸುತ್ತ ಬಂದಿದ್ದೆ. ಮೂವತ್ತಾರು ತಿಂಗಳು ಕಳೆದಾಗ ಅಸಲಿನಲ್ಲಿ 24 ಲಕ್ಷವೂ ಆ ಮುಂಗಡ ಖರ್ಚಿನಲ್ಲಿ 24,000 ರೂಪಾಯಿಯೂ ಉಳಿದಿದ್ದವು.

ಅಂಕೋಲೆಯ ಕಡೆ ಇದ್ದ ಮನೆತನದ ಜಾಗದ ಮಾರಾಟದಿಂದ ಆ ವರ್ಷ ಹಣ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧವಿರುವಾಗ ಐಸಿನ ಮಾರಾಟ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಮೂರು ಮಳೆಗಾಲ ಆ ಕಷ್ಟ ಉಂಡ ಮಾವ ಸಾಲವನ್ನು ಒಮ್ಮೆಲೇ ತೀರಿಸೋಣ ಎಂದರು. ಮಂಜೂರಾತಿ ಪತ್ರ ತೆಗೆದು ನೋಡಿದರೆ, ಅವಧಿಗೆ ಮುಂಚೆ ತೀರಿಸುವ ಅಸಲಿನ ಮೇಲೆ ಶೇಕಡ 2 ಶುಲ್ಕ ಎಂಬ ಷರತ್ತಿತ್ತು, ಅಂದರೆ 48,000 ರೂಪಾಯಿ. ನಾನು ಇದಕ್ಕೆ ಉಳಿದ 24,000 ಸೇರಿಸಿ 72,000 ಎಂದು ಬರೆದುಕೊಟ್ಟಿದ್ದೆ.

ಅಂದು ಸಂಜೆ ಫ್ಯಾಕ್ಟರಿಯ ಕಚೇರಿಯಲ್ಲಿ ಕುಳಿತು ಆ ಲೆಕ್ಕವನ್ನು ಮಾವನ ಮುಂದೆ ಮತ್ತೆ ಬಿಡಿಸಿದೆ. ಸಾಲವನ್ನು ಹಾಗೆಯೇ ಮುಂದುವರಿಸಿದ್ದರೆ ಬಾಕಿ ಅಸಲು 24 ಲಕ್ಷದಿಂದ ತಿಂಗಳಿಗೆ ಒಂದೊಂದು ಲಕ್ಷ ಇಳಿಯುತ್ತಿತ್ತು. ಆ ಇಪ್ಪತ್ನಾಲ್ಕು ಬಾಕಿಗಳನ್ನು ಕೂಡಿಸಿದರೆ 300 ಲಕ್ಷ, ಅದರ ಮೇಲೆ ಒಂದು ತಿಂಗಳ ಬಡ್ಡಿ ಹಾಕಿದರೆ 2,75,000 ರೂಪಾಯಿ. ಇದಿಷ್ಟೂ ಉಳಿಯಿತು ಎಂದು ಹೇಳುವುದು ಸರಿಯಲ್ಲ, ಏಕೆಂದರೆ ಅದೇ ಹಣವನ್ನು ಶೇಕಡ 7ರ ಠೇವಣಿಯಲ್ಲಿಟ್ಟು ಅದರಿಂದಲೇ ಕಂತು ಕಟ್ಟುತ್ತ ಹೋಗಿದ್ದರೆ 1,75,000 ರೂಪಾಯಿ ಬಡ್ಡಿ ನಮಗೂ ಬರುತ್ತಿತ್ತು. ನಿಜವಾದ ಅಂತರ ಒಂದು ಲಕ್ಷ. ಅದರಲ್ಲಿ 48,000 ಶುಲ್ಕ ಕಳೆದರೆ 52,000 ರೂಪಾಯಿ ನಮ್ಮ ಕಡೆಗೆ ಉಳಿಯಿತು.

"ಹಾಗಾದರೆ ಆ ಇಪ್ಪತ್ನಾಲ್ಕು ಸಾವಿರ ಎಲ್ಲಿ ಹೋಯಿತು?" ಎಂದು ಮಾವ ಕೇಳಿದರು. ಅದು 2021ರಲ್ಲಿಯೇ ಹೋಗಿತ್ತು. ಸಾಲ ಇಟ್ಟುಕೊಂಡರೂ ತೀರಿಸಿದರೂ ಆ ಹಣ ಮರಳಿ ಬರುವಂತಿರಲಿಲ್ಲ. ಸಾಲವೇ ಇಲ್ಲವಾದ ಮೇಲೆ ಅದನ್ನು ಆಸ್ತಿಯೆಂದು ತೋರಿಸಲು ಆಧಾರವಿಲ್ಲ, ಹಾಗಾಗಿ ಮುಂದಿನ ಎರಡು ವರ್ಷಗಳಲ್ಲಿ ಬರಬೇಕಾದ ಖರ್ಚು ಒಂದೇ ದಿನದಲ್ಲಿ ಪುಸ್ತಕಕ್ಕೆ ಬಂತು, ಅಷ್ಟೆ. ತೀರಿಸಬೇಕೋ ಬೇಡವೋ ಎಂದು ತೂಗುವಾಗ ಅದನ್ನು ತಕ್ಕಡಿಗೆ ಹಾಕಲೇಬಾರದು. ನಾನು ಹಾಕಿಕೊಟ್ಟಿದ್ದೆ. ಮಾವ ಅಂಜಿ ಹಿಂದೆ ಸರಿದಿದ್ದರೆ 52,000 ರೂಪಾಯಿಯ ಲಾಭ ನನ್ನ ಆ ಒಂದು ಸಾಲಿನಿಂದ ತಪ್ಪಿ ಹೋಗುತ್ತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮ ಲೆಕ್ಕ ಪರಿಶೋಧಕರು ಇನ್ನೊಂದು ಮಾತು ಹೇಳಿದರು. ಆ 24,000 ಎಂಬ ಸಂಖ್ಯೆ ಕೂಡ ನಾನು ಆರಿಸಿದ ವಿಧಾನದಿಂದ ಹುಟ್ಟಿದ್ದು. ಸಾಲದ ಬಾಕಿ ಮೊದಲ ವರ್ಷಗಳಲ್ಲಿ ಹೆಚ್ಚು, ಕೊನೆಯಲ್ಲಿ ಕಡಿಮೆ ಇರುವುದರಿಂದ ಶುಲ್ಕವನ್ನೂ ಬಾಕಿಯ ಪ್ರಮಾಣದಲ್ಲಿ ಹಂಚಿದ್ದರೆ ಮೊದಲ ವರ್ಷಗಳಿಗೇ ಹೆಚ್ಚು ಪಾಲು ಬಿದ್ದು ಕೊನೆಗೆ ಸುಮಾರು 9,836 ರೂಪಾಯಿ ಮಾತ್ರ ಉಳಿಯುತ್ತಿತ್ತು. ಎರಡೂ ವಿಧಾನಗಳಲ್ಲಿ ಒಟ್ಟು ಖರ್ಚು 60,000ವೇ. ಸಮ ಕಂತಿನಲ್ಲಿ ಹಂಚಿದ್ದರಿಂದ ಹಿಂದಿನ ಎರಡು ವರ್ಷಗಳಲ್ಲಿ ಕಡಿಮೆ ತೋರಿಸಿದ್ದೆಲ್ಲ ಈ ವರ್ಷ ಒಟ್ಟಾಗಿ ಬಂದು ಬಿದ್ದಿತ್ತು.

ಬ್ಯಾಲೆನ್ಸ್ ಶೀಟ್ ಮುಗಿಸಿ ಆದಾಯ ತೆರಿಗೆಯ ಲೆಕ್ಕಕ್ಕೆ ಕೂತಾಗ ಮತ್ತೊಂದು ಎಡವಟ್ಟು ಆಗುವುದರಲ್ಲಿತ್ತು. ಪುಸ್ತಕದಲ್ಲಿ ಒಮ್ಮೆಲೇ ಖರ್ಚಿಗೆ ಹಾಕಿದ 24,000ವನ್ನು ನಾನು ತೆರಿಗೆಯಲ್ಲೂ ಹಾಗೆಯೇ ಖರ್ಚೆಂದು ಬಿಟ್ಟಿದ್ದೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ ಕಲಂ 2(28ಎ) ಪ್ರಕಾರ ಸಾಲಕ್ಕೆ ಕೊಡುವ ಸೇವಾ ಶುಲ್ಕವೂ ಬಡ್ಡಿಯ ಅರ್ಥದೊಳಗೆ ಬರುತ್ತಿತ್ತು, ಆ ಆಧಾರದ ಮೇಲೆ ಮೊದಲ ವರ್ಷದ ರಿಟರ್ನಿನಲ್ಲೇ ಪೂರ್ತಿ 60,000 ಖರ್ಚು ತೋರಿಸಿದ್ದೆವು. ಪರಿಶೋಧಕರು ಹಳೆಯ ರಿಟರ್ನನ್ನು ತೆರೆದು ತೋರಿಸಿದರು. ಅಂದು ಪುಸ್ತಕದಲ್ಲಿ 12,000, ತೆರಿಗೆಯಲ್ಲಿ 60,000, ವ್ಯತ್ಯಾಸ 48,000. ಎರಡನೆಯ ವರ್ಷ 12,000 ಮರಳಿ ಆದಾಯಕ್ಕೆ ಸೇರಿಸಿದ್ದೆವು. ಮೂರನೆಯ ವರ್ಷದ ಮಾಮೂಲಿ 12,000 ಮತ್ತು ಒಮ್ಮೆಲೇ ಖರ್ಚಿಗೆ ಹಾಕಿದ 24,000, ಎರಡೂ ಸೇರಿ 36,000ವನ್ನು ಈಗ ಆದಾಯಕ್ಕೆ ಕೂಡಿಸಿದಾಗ ಆ 48,000 ಸರಿಯಾಗಿ ಮುಗಿಯಿತು. ಕೂಡಿಸದೆ ಬಿಟ್ಟಿದ್ದರೆ ಒಂದೇ ಶುಲ್ಕಕ್ಕೆ ಎರಡು ಸಲ ವಿನಾಯಿತಿ ಪಡೆದಂತಾಗುತ್ತಿತ್ತು. 48,000ದ ಅವಧಿಪೂರ್ವ ಶುಲ್ಕ ಮಾತ್ರ ಅದೇ ವರ್ಷದ ಖರ್ಚಾಗಿ ಪುಸ್ತಕದಲ್ಲೂ ತೆರಿಗೆಯಲ್ಲೂ ಒಂದೇ ರೀತಿ ನಿಂತಿತು. (ಎರಡಕ್ಕೂ ಆಕಸ್ಮಿಕವಾಗಿ 48,000 ಎಂಬ ಸಂಖ್ಯೆಯೇ ಬಂದದ್ದರಿಂದ ನಾನು ಒಂದು ಗಳಿಗೆ ಗೊಂದಲಕ್ಕೆ ಬಿದ್ದೆ. ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ.)

ಉಳಿದದ್ದು ಜಿಎಸ್‌ಟಿ. ಅವಧಿಪೂರ್ವ ಶುಲ್ಕದ ಮೇಲೆ ಬ್ಯಾಂಕು ಶೇಕಡ 18ರಂತೆ 8,640 ರೂಪಾಯಿ ಹಾಕಿತ್ತು. ಇದು ದಂಡವಲ್ಲ, ಸಾಲವನ್ನು ಬೇಗ ಮುಗಿಸುವ ಸೌಲಭ್ಯಕ್ಕೆ ಪಡೆಯುವ ಪ್ರತಿಫಲ, ಆದ್ದರಿಂದ ತೆರಿಗೆ ಇದೆ ಎಂದು 2022ರ ಆಗಸ್ಟ್‌ನ ಜಿಎಸ್‌ಟಿ ಸುತ್ತೋಲೆ ಸ್ಪಷ್ಟಪಡಿಸಿದೆ. ನಾವು ಮಾರುವ ಐಸಿನ ಮೇಲೂ ಜಿಎಸ್‌ಟಿ ಇರುವುದರಿಂದ ಆ 8,640ವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಿತ್ತು. ಆದರೆ ಬ್ಯಾಂಕು ಕೊಟ್ಟ ಇನ್‌ವಾಯ್ಸ್‌ನಲ್ಲಿ ಕಂಪನಿಯ ಹೆಸರಿತ್ತು, ಜಿಎಸ್‌ಟಿ ಸಂಖ್ಯೆ ಇರಲಿಲ್ಲ. ಸಂಖ್ಯೆಯಿಲ್ಲದ ಇನ್‌ವಾಯ್ಸ್, ನಮಗೆ ಸಿಗುವ ಕ್ರೆಡಿಟ್‌ಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿ ಎಂಬ ತಿಂಗಳ ಪಟ್ಟಿಗೆ ಬರುವುದಿಲ್ಲ, ಬಾರದಿದ್ದರೆ ಕ್ರೆಡಿಟ್ ಇಲ್ಲ, ಆಗ ಅಷ್ಟೂ ಶುಲ್ಕದ ಖರ್ಚಿಗೇ ಸೇರಿ 52,000ದ ಲಾಭ 43,360ಕ್ಕೆ ಇಳಿಯುತ್ತಿತ್ತು. ಏಪ್ರಿಲ್‌ನಲ್ಲಿ ಮೂರು ಸಲ ಶಾಖೆಗೆ ಹೋದೆ. ಮೊದಲ ಎರಡು ಸಲ, ಸಾಲದ ಖಾತೆಯೇ ಮುಚ್ಚಿದೆ, ಇನ್ನು ತಿದ್ದಲಾಗದು ಎಂಬ ಉತ್ತರ ಬಂತು. ಮೂರನೆಯ ಸಲ ನೋಂದಣಿ ಪ್ರಮಾಣಪತ್ರದ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಂದೆ.

ಮೇ ತಿಂಗಳ ಪಟ್ಟಿ ತೆರೆದಾಗ ನಮ್ಮ ಸಂಖ್ಯೆಯ ಎದುರು ಬ್ಯಾಂಕಿನ ಹೆಸರೂ 8,640 ರೂಪಾಯಿಯೂ ಕಂಡವು. ಮಾವನಿಗೆ ಫೋನ್ ಮಾಡಿ ಹೇಳಿದೆ. "ಹಾಗಾದರೆ ಐವತ್ತೆರಡು ಸಾವಿರ ಗಟ್ಟಿಯಾಯಿತಲ್ಲ" ಎಂದರು ಅವರು.