ವಾಚನಾಲಯದ ನಕ್ಷೆ, ಮೂರನೇ ಕಂತು: ಒಂಬತ್ತು ಮನೆ ಒಂದೇ ಜಾಗದಲ್ಲಿ

ಹಿಂದಿನ ಕಂತು ಓದದವರಿಗೆ ಎರಡು ಮಾತು. ಮಲ್ಲೇಶ್ವರಂ 8ನೇ ಕ್ರಾಸ್ ಹತ್ತಿರ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಒಂದು ಪುಟ್ಟ ವಾಚನಾಲಯ ಇದೆ. ಸದಸ್ಯರು 60 ಜನ. ವಯಸ್ಸಾದವರೇ ಜಾಸ್ತಿ, ಹಾಗಾಗಿ ಪುಸ್ತಕ ಮನೆಗೇ ತಲುಪಿಸುತ್ತೇನೆ. ಎರಡು ಕಿ.ಮೀ. ಒಳಗಿದ್ದರೆ ಸೈಕಲ್, ಆಚೆಗಿದ್ದರೆ ಭಾನುವಾರ ಸ್ಕೂಟರ್. ಯಾರು ಎಷ್ಟು ದೂರ ಅಂತ ಲೆಕ್ಕ ಹಾಕೋಕೆ ಅಂತಲೇ ಈ ನಕ್ಷೆಯ ಕೆಲಸ ಶುರುವಾಗಿದ್ದು.

ಸದಸ್ಯರು ಫಾರ್ಮಿನಲ್ಲಿ ಬರೆದ ವಿಳಾಸಗಳನ್ನು ಹಾಳೆಗೆ ಟೈಪ್ ಮಾಡಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹುಡುಕಾಟ ಸೇವೆಯಾದ ನಾಮಿನೇಟಿಮ್‌ಗೆ ಸೆಕೆಂಡಿಗೊಂದರಂತೆ ಕಳಿಸಿದೆ. ಅದಕ್ಕಿಂತ ಜೋರಾಗಿ ಕಳಿಸಬಾರದು ಅನ್ನೋದು ಅವರ ನಿಯಮ. ಪ್ರತಿ ವಿಳಾಸಕ್ಕೂ ಅಕ್ಷಾಂಶ, ರೇಖಾಂಶ ಸಿಕ್ಕಿದರೆ ನಮ್ಮನೆಯಿಂದ ನೇರ ಗೆರೆಯ ದೂರ ಲೆಕ್ಕ ಹಾಕೋದು ಸುಲಭ.

ಮೊದಲ ಸುತ್ತಿನಲ್ಲಿ ಮುಕ್ಕಾಲು ಪಾಲು ಖಾಲಿ ಬಂತು. ಕಾರಣ ನಾವೇ. ಬೆಂಗಳೂರಿನವರು ಕ್ರಾಸ್ ಅಂತ ಪೂರ್ತಿ ಬರೆಯುವುದಿಲ್ಲ, `8th X` ಅಂತ ಬರೆದು ಮುಗಿಸುತ್ತೇವೆ. ಪೋಸ್ಟ್‌ಮ್ಯಾನ್‌ಗೆ ಅದು ಅರ್ಥ ಆಗುತ್ತೆ, ಯಂತ್ರಕ್ಕೆ ಅದು ಬರೀ ಒಂದು ಅಕ್ಷರ. ಜೊತೆಗೆ ‘ಗಣೇಶನ ಗುಡಿ ಎದುರು’, ‘ಮೊದಲನೇ ಮಹಡಿ’, ‘ಹಿಟ್ಟಿನ ಗಿರಣಿ ಪಕ್ಕ’. ಮನೆ ನಂಬರಂತೂ ನಮ್ಮ ಕಡೆ ನಕ್ಷೆಯಲ್ಲಿ ಇರೋದೇ ಅಪರೂಪ. ಅದಕ್ಕೆ ಒಂದು ಉಪಾಯ ಮಾಡಿದೆ: ಉತ್ತರ ಸಿಗದಿದ್ದರೆ ವಿಳಾಸದ ಎಡಗಡೆಯಿಂದ ಒಂದೊಂದೇ ತುಂಡು ಕಿತ್ತು ಮತ್ತೆ ಕೇಳು. ಏನಾದರೂ ಸಿಗುವವರೆಗೂ ಕೀಳುತ್ತಾ ಹೋಗು.

ಅರವತ್ತಕ್ಕೆ ಅರವತ್ತೂ ಸಿಕ್ಕವು! ಅವತ್ತು ತುಂಬಾ ಖುಷಿಪಟ್ಟಿದ್ದೆ. ಅನುಮಾನ ಪಡಬೇಕಿತ್ತು.

ಸದಸ್ಯರ ಸರಾಸರಿ ದೂರ 24 ಕಿ.ಮೀ. ಅಂತ ಬಂತು. ಬಿಡದಿಯಿಂದ ಯಾರೂ ನನ್ನ ಹತ್ತಿರ ಪುಸ್ತಕ ತಗೊಳ್ಳೋಕೆ ಬರಲ್ಲ. ಹುಡುಕಿದರೆ ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಮೆಜೆಸ್ಟಿಕ್ ಪಕ್ಕದ ಗಾಂಧಿನಗರದ ಒಬ್ಬರು ಊರಿನ ಹೆಸರು ಬರೆದಿರಲಿಲ್ಲ. ಉಳಿದದ್ದೆಲ್ಲ ಕಿತ್ತ ಮೇಲೆ ಬರೀ `Gandhinagar` ಉಳಿದಿದೆ. ಆ ಹೆಸರಿನಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಊರು ಗುಜರಾತಿನ ರಾಜಧಾನಿ, ಅದನ್ನೇ ತಂದುಕೊಟ್ಟಿದೆ. ಸುಮಾರು 1250 ಕಿ.ಮೀ. ದೂರ. ಉಳಿದ 59 ಜನರ ಸರಾಸರಿ ಮೂರು ಕಿ.ಮೀ. ಆಸುಪಾಸು, ಈ ಒಬ್ಬರೇ ಅದನ್ನು ಎಂಟು ಪಟ್ಟು ಮಾಡಿದ್ದರು. ಸರಾಸರಿ ಬಿಟ್ಟು, ದೂರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿದ್ದರೆ ಅದು ಅಲುಗಾಡುತ್ತಲೇ ಇರಲಿಲ್ಲ. ಹುಡುಕಾಟಕ್ಕೆ ಒಂದು ಬೇಲಿ ಹಾಕಿದೆ:

```
countrycodes=in
viewbox=77.45,13.10,77.75,12.83
bounded=1
```

ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಇದರಿಂದ ಗುಜರಾತ್ ಹೋಯಿತು. ಆದರೆ ಬೆಂಗಳೂರಿನ ಒಳಗೇ ನಡೆಯುವ ಮೋಸಕ್ಕೆ ಈ ಬೇಲಿ ಏನೂ ಮಾಡಲ್ಲ.

ಅದು ಗೊತ್ತಾಗಿದ್ದು ಒಂದು ಫೋನ್ ಕರೆಯಿಂದ. “ನಮ್ಮನೆ ಇರೋದು ಇಲ್ಲೇ ರಾಜಾಜಿನಗರದಲ್ಲಿ ಕಣಪ್ಪ, ಜಯನಗರ ಅಂತ ಯಾಕೆ ಹಾಕಿದೀಯ?” ಅಂದರು ಒಬ್ಬ ಆಂಟಿ. ಅವರು ಬರೆದದ್ದು ‘4ನೇ ಬ್ಲಾಕ್, ಬೆಂಗಳೂರು 560010’ ಅಷ್ಟೇ. 4ನೇ ಬ್ಲಾಕ್ ರಾಜಾಜಿನಗರದಲ್ಲೂ ಇದೆ, ಜಯನಗರದಲ್ಲೂ ಇದೆ, ಕೋರಮಂಗಲದಲ್ಲೂ ಇದೆ. ನಮ್ಮನೆಯಿಂದ ಮೊದಲನೆಯದು ಸುಮಾರು ಎರಡೂವರೆ ಕಿ.ಮೀ., ಎರಡನೆಯದು ಎಂಟು ಚಿಲ್ಲರೆ, ಮೂರನೆಯದು ಹತ್ತು. ಎಂಟು ಕಿ.ಮೀ. ಅಂದರೆ ಯಾರಿಗೂ ವಿಚಿತ್ರ ಅನ್ನಿಸಲ್ಲ ಅಲ್ವಾ? ಹಾಗಾಗಿ ಒಂದು ತಿಂಗಳು ಅವರು ನನ್ನ ಪಟ್ಟಿಯಲ್ಲಿ ‘ತುಂಬಾ ದೂರ’ದವರಾಗಿ ಕೂತಿದ್ದರು. ಗುಜರಾತಿನ ತಪ್ಪು ಐದು ನಿಮಿಷದಲ್ಲಿ ಸಿಕ್ಕಿತ್ತು.

ಪಾಪ, ಆಂಟಿ ಪಿನ್‌ಕೋಡ್ ಸರಿಯಾಗಿಯೇ ಬರೆದಿದ್ದರು. ಜಯನಗರದ್ದು 560011, ಅವರದ್ದು 560010. ಕೊನೆಯ ಒಂದಂಕಿ. ಈಗ ಬಂದ ಉತ್ತರದ ಪಿನ್‌ಕೋಡನ್ನೂ ಬರೆದ ಪಿನ್‌ಕೋಡನ್ನೂ ಹೋಲಿಸಿ, ಬೇರೆ ಇದ್ದರೆ ಆ ಸಾಲಿಗೆ ಹಳದಿ ಬಣ್ಣ ಬರುವಂತೆ ಮಾಡಿದ್ದೇನೆ. ಹಳದಿ ಬಂದದ್ದೆಲ್ಲ ತಪ್ಪೇ ಅಂತಲ್ಲ. ಗಡಿಯ ಬೀದಿಗಳಲ್ಲಿ ನಕ್ಷೆಯ ಪಿನ್ ಪಕ್ಕದ್ದಾಗಿರಬಹುದು. ಕಣ್ಣು ಹಾಯಿಸಬೇಕು ಅಷ್ಟೇ.

ಈ ವಾರದ ದೊಡ್ಡ ಪತ್ತೆ ಇನ್ನೊಂದು. ಪಟ್ಟಿಯನ್ನು ದೂರದ ಪ್ರಕಾರ ಜೋಡಿಸಿದಾಗ ಒಂಬತ್ತು ಜನ ಸಾಲಾಗಿ 2.34 ಕಿ.ಮೀ. ಅಂತ ಬಂದರು. ಒಂದು ಮೀಟರ್ ಆಚೀಚೆ ಇಲ್ಲ. ಅಕ್ಷಾಂಶ, ರೇಖಾಂಶ ಐದು ದಶಮಾಂಶದವರೆಗೂ ಒಂದೇ. ಒಂಬತ್ತೂ ರಾಜಾಜಿನಗರದ ವಿಳಾಸಗಳು. ಅವರ ಕ್ರಾಸು, ಮೇನು ಎಲ್ಲ ನನ್ನ ಕೀಳುವ ಉಪಾಯದಲ್ಲಿ ಉದುರಿಹೋಗಿ, ಕೊನೆಗೆ ರಾಜಾಜಿನಗರ ಅನ್ನುವ ಹೆಸರಿಗೆ ನಕ್ಷೆಯಲ್ಲಿ ಇಟ್ಟಿರುವ ಒಂದೇ ಚುಕ್ಕೆಯ ಮೇಲೆ ಎಲ್ಲರೂ ಬಿದ್ದಿದ್ದರು. ಒಬ್ಬರಿಂದ ಇನ್ನೊಬ್ಬರಿಗೆ ದೂರ ಸೊನ್ನೆ! ಸ್ಕೂಟರಿನ ಸುತ್ತು ಅಷ್ಟು ಚಿಕ್ಕದಾಗಿ ಕಂಡಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಅಲ್ಲಿ ಒಂಬತ್ತು ಮನೆ ಸುತ್ತೋಕೆ ಲೆಕ್ಕದಲ್ಲಿ ಒಂದು ಹನಿ ಪೆಟ್ರೋಲೂ ಬೇಕಿರಲಿಲ್ಲ.

ನಿಜವಾಗಿ ಹೋಗಿ ಫೋನಿನಲ್ಲಿ ಜಾಗ ಗುರುತು ಮಾಡಿಕೊಂಡು ಬಂದೆ. ಹತ್ತಿರದ ಮನೆ 1.6 ಕಿ.ಮೀ., ದೂರದ್ದು 3.5. ಮೂವರು ಸೈಕಲ್ ಅಳತೆಯ ಒಳಗೇ ಇದ್ದರು. ಚುಕ್ಕೆಯ ಲೆಕ್ಕದಲ್ಲಿ ಒಬ್ಬರೂ ಇರಲಿಲ್ಲ.

ಇದನ್ನು ಮೊದಲೇ ಹಿಡಿಯಬಹುದಿತ್ತು. ಉತ್ತರದಲ್ಲಿ `addresstype` ಅಂತ ಒಂದು ಸಾಲು ಬರುತ್ತದೆ. ಅಲ್ಲಿ `road` ಇದ್ದರೆ ಬೀದಿ ಸಿಕ್ಕಿದೆ, `suburb` ಇದ್ದರೆ ಬಡಾವಣೆ ಮಾತ್ರ. ಅದರ ಜೊತೆಗೇ `boundingbox` ಅಂತ ಒಂದು ಚೌಕ ಇರುತ್ತದೆ. ನನಗೆ ಬಂದ ಚೌಕ ಎರಡೂ ಕಡೆ 0.04 ಡಿಗ್ರಿ ಇತ್ತು. ನಮ್ಮ ಅಕ್ಷಾಂಶದಲ್ಲಿ ಅದು ಹತ್ತಿರ ಹತ್ತಿರ ನಾಲ್ಕೂವರೆ ಕಿ.ಮೀ. ಚೌಕ, ಮೂಲೆಯಿಂದ ಮೂಲೆಗೆ ಆರು ಚಿಲ್ಲರೆ. ಅಂದರೆ ಮನೆ ಆ ಚುಕ್ಕೆಯಿಂದ ಮೂರು ಕಿ.ಮೀ.ವರೆಗೂ ಎಲ್ಲಿ ಬೇಕಾದರೂ ಇರಬಹುದು. ದೂರ 2.34, ತಪ್ಪು 3.1. ದೂರಕ್ಕಿಂತ ತಪ್ಪೇ ಜಾಸ್ತಿ! ಅದನ್ನು ನಾನು ಎರಡು ದಶಮಾಂಶ ಹಾಕಿ ಬರೆದಿಟ್ಟುಕೊಂಡಿದ್ದೆ.

ಈಗ ಪ್ರತಿ ಸಾಲಿನ ಪಕ್ಕ ಈ ಅರ್ಧ ಕರ್ಣವನ್ನೂ ಬರೆಯುತ್ತೇನೆ. ಸುಮ್ನೆ ಎಲ್ಲರಿಗೂ ಒಂದೇ ಮಿತಿ ಇಡೋದು ಸರಿಹೋಗಲ್ಲ, ಯಾಕಂದರೆ ಒಂದೇ ತಪ್ಪು ಹತ್ತಿರದವರಿಗೆ ಜಾಸ್ತಿ ಹೊಡೆತ ಕೊಡುತ್ತದೆ. ಚುಕ್ಕೆ 500 ಮೀಟರ್ ಅಡ್ಡಕ್ಕೆ ಸರಿದಿದೆ ಅನ್ನಿ. ನಿಜಕ್ಕೂ 8 ಕಿ.ಮೀ. ದೂರ ಇರುವವರಿಗೆ ಲೆಕ್ಕದಲ್ಲಿ 16 ಮೀಟರ್ ವ್ಯತ್ಯಾಸ. 400 ಮೀಟರ್ ದೂರದಲ್ಲಿ ಇರುವವರು 640ಕ್ಕೆ ಹೋಗುತ್ತಾರೆ. ಹೀಗೆ ಅಡ್ಡಕ್ಕೆ ಸರಿದಾಗಲೆಲ್ಲ ದೂರ ಹೆಚ್ಚೇ ಆಗುತ್ತದೆ, ಕಮ್ಮಿ ಆಗಲ್ಲ. ಪಕ್ಕದ ಬೀದಿಯವರು ನನ್ನ ಪಟ್ಟಿಯಲ್ಲಿ ಯಾವಾಗಲೂ ಸ್ವಲ್ಪ ದೂರ ಕಾಣುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ಸದ್ಯದ ಸ್ಥಿತಿ: `X` ಇದ್ದಲ್ಲೆಲ್ಲ `Cross` ಅಂತ ಬದಲಾಯಿಸಿ, ಬಡಾವಣೆಯ ಹೆಸರು ಇಲ್ಲದ ಕಡೆ ಪಿನ್‌ಕೋಡ್ ನೋಡಿ ಸೇರಿಸಿ ಮತ್ತೆ ಓಡಿಸಿದ ಮೇಲೆ 41 ಮನೆಗೆ ಬೀದಿ ಸಿಕ್ಕಿದೆ. ಮೇಲಿನ ಒಂಬತ್ತು ಕೈಯಾರೆ ಗುರುತಾದವು. ಉಳಿದ ಹತ್ತರ ದೂರದ ಕಾಲಂ ಖಾಲಿ ಬಿಟ್ಟಿದ್ದೇನೆ. ಕೀಳುವ ಉಪಾಯ ಬಡಾವಣೆ ಮುಟ್ಟಿದ ಕೂಡಲೇ ಈಗ ನಿಲ್ಲುತ್ತದೆ.

ಆ ಹತ್ತು ಜನಕ್ಕೆ ಫೋನಿನಿಂದ ಲೊಕೇಶನ್ ಕಳಿಸಿ ಅಂತ ಕೇಳಿದ್ದೆ. ಆರು ಜನ ಕಳಿಸಿದರು. ಅದರಲ್ಲಿ ಇಬ್ಬರದು ಆಫೀಸಿನಲ್ಲಿ ಕೂತು ಕಳಿಸಿದ್ದು.