ವಿಯೆಟ್ನಾಂ ಸ್ಯಾಂಪಲ್, ಅಪ್‌ಡೇಟ್: ಲೀಟರಿಗೆ 550 ಗ್ರಾಂ ಕೊನೆಗೂ ದಾಟಿತು

ಹೋ ಚಿ ಮಿನ್ ನಗರದ ಸಣ್ಣ ವ್ಯಾಪಾರಿಯಿಂದ ನಮಗೆ ಬಂದ ಖರೀದಿ ವಿಚಾರಣೆ ಪತ್ರದ ಸಾರ ಇಷ್ಟು. ಕರಿಮೆಣಸು 500 ಕಿಲೋ, ಲೀಟರ್ ತೂಕ ಕನಿಷ್ಠ 550 ಗ್ರಾಂ, ತೇವಾಂಶ 12.5% ಮೀರಬಾರದು. ಹಸಿರು ಏಲಕ್ಕಿ 50 ಕಿಲೋ, 7ರಿಂದ 8 ಮಿಮೀ. ಎರಡರದ್ದೂ ಅರ್ಧರ್ಧ ಕಿಲೋ ಸ್ಯಾಂಪಲ್ ಮೊದಲು ಬೇಕು. ದರ ಕ್ಯಾಟ್ ಲಾಯ್ ಬಂದರಿಗೆ ಸಿಐಎಫ್. ಹಣ 30% ಮುಂಗಡ, ಉಳಿದ 70% ಮಾಲು ಕೈಸೇರಿದ ಮೇಲೆ, ಎರಡೂ ಟಿಟಿ.

ಐಇಸಿ, ಸ್ಪೈಸಸ್ ಬೋರ್ಡ್ ನೋಂದಣಿ, ಫೈಟೋ ಸರ್ಟಿಫಿಕೇಟ್ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡೋಣ. ತಲೆ ತಿಂದದ್ದು ಆ 550.

ತರಿಸಿದ ಮೆಣಸಿನ ಚೀಲದ ಮೇಲೆ ಸರಬರಾಜುದಾರರು 553 ಎಂದು ಬರೆದು ಕಳಿಸಿದ್ದರು. ಇಲ್ಲಿ ಅಳೆದರೆ 532. ತಕ್ಕಡಿಯಲ್ಲಿ ದೋಷವಿರಲಿಲ್ಲ, ವ್ಯತ್ಯಾಸವೆಲ್ಲ ಅಳತೆಪಾತ್ರೆ ತುಂಬುವ ರೀತಿಯಲ್ಲಿತ್ತು. ಲೀಟರ್ ಪಾತ್ರೆಗೆ ಆಲಿಕೆಯಿಂದ ಕಾಳನ್ನು ತಾನಾಗಿ ಬೀಳಲು ಬಿಟ್ಟು, ಅಲುಗಿಸದೆ, ನೇರ ಪಟ್ಟಿಯಿಂದ ಬಾಯಿ ಮಟ್ಟ ಮಾಡಿ ತೂಗಬೇಕು. ತುಂಬುವಾಗ ಪಾತ್ರೆಯನ್ನು ನಾಲ್ಕು ಸಲ ನೆಲಕ್ಕೆ ತಟ್ಟಿದರೆ ಕಾಳು ಒತ್ತಾಗಿ ಕೂರುತ್ತದೆ, ಅದೇ ಮೆಣಸು 553 ತೋರಿಸುತ್ತದೆ. ದುಡ್ಡು ತೆಗೆದುಕೊಂಡು ಹೀಗೆ ತಟ್ಟಿ ಅಳೆದ ಅಂಕಿ ಬರೆಯುವುದು ಸರಿಯಲ್ಲ. ಅತ್ತ ವಿಯೆಟ್ನಾಮಿನವರಿಗೆ ಲೀಟರ್ ತೂಕವೇ ಮೆಣಸಿನ ಮೂಲ ಭಾಷೆ, ಅಲ್ಲಿ ಮಾಲು ಮಾರುವುದೇ 500, 550 ಎಂಬ ಅಂಕಿಯ ಮೇಲೆ. ತಟ್ಟಿದ ಅಂಕಿ ಅವರ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ.

ಈ ಲಾಟಿನಲ್ಲಿ ಜೊಳ್ಳು ಹೆಚ್ಚಿತ್ತು. ಹಿಡಿ ಮೆಣಸು ತೆಗೆದು ಒಂದೊಂದೇ ಕಾಳನ್ನು ಬೆರಳ ನಡುವೆ ಒತ್ತಿದರೆ ತಿಳಿಯುತ್ತದೆ: ಬಲಿತ ಕಾಳು ಜಗ್ಗುವುದಿಲ್ಲ, ಜೊಳ್ಳು ಪುಡಿಯಾಗಿ ಬರೀ ಸಿಪ್ಪೆ ಉಳಿಯುತ್ತದೆ. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾಗುವ ತನಕ ಕಾಯದೆ, ಆಳು ಸಿಕ್ಕ ವಾರವೇ ಕೊಯ್ದರೆ ಹೀಗಾಗುತ್ತದೆ. ಒಳಗೆ ತಿರುಳು ತುಂಬದ ಕಾಳನ್ನು ಎಷ್ಟು ಚೆನ್ನಾಗಿ ಒಣಗಿಸಿದರೂ ತೂಕ ಬರುವುದಿಲ್ಲ.

ಹಾಗಾದರೆ ತೂರಿದರಾಯಿತು ಎನ್ನುತ್ತೀರಿ. ಸ್ಟ್ಯಾಂಡ್ ಫ್ಯಾನ್ ಮುಂದೆ, ಎದೆಯೆತ್ತರದಿಂದ, ಟಾರ್ಪಾಲಿನ ಮೇಲೆ 10 ಕಿಲೋ ತೂರಿದಾಗ 532 ಏರಿದ್ದು 541ಕ್ಕೆ, ಅಲ್ಲಿಗೇ ನಿಂತಿತು. ಫ್ಯಾನಿನ ವೇಗ ಹೆಚ್ಚಿಸಿದರೆ ಜೊಳ್ಳಿನ ಜೊತೆ ಗಟ್ಟಿ ಕಾಳೂ ಹಾರಿತು. ಕಡಿಮೆ ಮಾಡಿದರೆ ಜೊಳ್ಳು ಕಾಲಬುಡದಲ್ಲೇ ಬಿತ್ತು. ಹಾರಿ ಬಿದ್ದ ರಾಶಿಯಲ್ಲಿ ಸಣ್ಣ ಗಟ್ಟಿ ಕಾಳು, ಹತ್ತಿರದ ರಾಶಿಯಲ್ಲಿ ದಪ್ಪ ಜೊಳ್ಳು, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರಣ ಆ ಎರಡು ರಾಶಿಗಳಲ್ಲೇ ಇದೆ. ಕಾಳು ಎಲ್ಲಿ ಬೀಳಬೇಕೆಂಬುದನ್ನು ಅದರ ತೂಕವೊಂದೇ ನಿರ್ಧರಿಸುವುದಿಲ್ಲ, ಗಾತ್ರವೂ ಸೇರಿಕೊಳ್ಳುತ್ತದೆ. 3 ಮಿಮೀಯ ಗಟ್ಟಿ ಕಾಳೂ 5 ಮಿಮೀಯ ಜೊಳ್ಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಆದ್ದರಿಂದ ಜರಡಿ ಮೊದಲು, ತೂರುವುದು ಆಮೇಲೆ, ಅದೂ ಗಾತ್ರ ಗಾತ್ರಕ್ಕೆ ಬೇರೆ ಬೇರೆಯಾಗಿ. ಬಾಗಿಲು ತೆರೆದದ್ದು ಇದೇ.

ಹೊಸ 10 ಕಿಲೋ ತೆಗೆದುಕೊಂಡು ದುಂಡು ತೂತಿನ ಜರಡಿ ಹಿಡಿದಾಗ 4.25 ಮಿಮೀ ಮೇಲೆ ನಿಂತದ್ದು 5.4 ಕಿಲೋ, 3 ಮತ್ತು 4.25ರ ನಡುವಿನದು 4.2, ಕೆಳಗೆ ಬಿದ್ದ ಪುಡಿಗಾಳು, ದೂಳು, ಕಡ್ಡಿ 0.4. ದಪ್ಪ ಕಾಳನ್ನು ಫ್ಯಾನಿನ ಪೂರ್ತಿ ವೇಗದಲ್ಲಿ ತೂರಿದಾಗ 200 ಗ್ರಾಂ ಜೊಳ್ಳು ಹೋಯಿತು. ನಡುವಿನದನ್ನು ಕಡಿಮೆ ವೇಗದಲ್ಲಿ ತೂರಿದಾಗ 300 ಗ್ರಾಂ. ಈಗ ಎರಡು ರಾಶಿಯ ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ. ಉಳಿದ 9.1 ಕಿಲೋವನ್ನು ಮತ್ತೆ ಕಲಸಿ, ತಟ್ಟದೆ ಅಳೆದಾಗ ಬಂದದ್ದು 557! 550 ಕೇಳಿದವರಿಗೆ 557 ಕೊಡುವುದೇ ಸರಿ, ಅಳತೆಪಾತ್ರೆ ಬದಲಾದರೆ ನಾಲ್ಕೈದು ಗ್ರಾಂ ಅತ್ತಿತ್ತ ಆಗುತ್ತದೆ.

ನಷ್ಟದ ಲೆಕ್ಕ ದರದಲ್ಲಿ ಬರಬೇಕು. ಮೆಣಸು ಕಿಲೋಗೆ ₹700 ಎಂದಿಟ್ಟುಕೊಳ್ಳಿ. 10 ಕಿಲೋಗೆ ಕೊಟ್ಟ ₹7,000 ಈಗ 9.1 ಕಿಲೋ ಮೇಲೆ ಕೂರುತ್ತದೆ, ಅಂದರೆ ಕಿಲೋಗೆ ₹769. ಜೊಳ್ಳನ್ನು ಎಸೆಯಬೇಡಿ, ಓಲಿಯೋರೆಸಿನ್ ತೆಗೆಯುವವರು ಕೊಳ್ಳುತ್ತಾರೆ. ಇದೆಲ್ಲ ಆದ ಮೇಲೂ ಒಂದು ಮಾತು ನೇರವಾಗಿ ಹೇಳಬೇಕು: ಸಾಮಾನ್ಯ 550 ಮೆಣಸಿನಲ್ಲಿ ಗಿಯಾ ಲಾಯ್, ಡಾಕ್ ಲಾಕ್ ಕಡೆಯ ಮಾಲಿನ ಜೊತೆ ದರದಲ್ಲಿ ಪೈಪೋಟಿ ಕಷ್ಟ. ಅದಕ್ಕೇ 4.75 ಮಿಮೀ ಮೇಲಿನ ದಪ್ಪ ಕಾಳಿನ ಇನ್ನೊಂದು ಪೊಟ್ಟಣವನ್ನೂ ಜೊತೆಗಿಟ್ಟಿದ್ದೇವೆ. ಮಲಬಾರ್ ಮೆಣಸಿಗೆ ಅಲ್ಲಿ ಜಾಗವಿದ್ದರೆ ಅದು ಈ ಗಾತ್ರದಲ್ಲಿ.

ಮುಂದಿನ ಪ್ರಾಜೆಕ್ಟ್ ಈಗಲೇ ತಲೆಯಲ್ಲಿ ಕೂತಿದೆ. ಆರು ಇಂಚಿನ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಬ್ಲೋವರ್ ಗಾಳಿ, ಪಕ್ಕದಿಂದ ಮೆಣಸು. ಡ್ಯಾಂಪರ್ ತಿರುಗಿಸಿ ಗಾಳಿ ಹೊಂದಿಸಿದರೆ ಜೊಳ್ಳು ಮೇಲಿನಿಂದ, ಗಟ್ಟಿ ಕೆಳಗಿನಿಂದ. 500 ಕಿಲೋವನ್ನು ಫ್ಯಾನಿನ ಮುಂದೆ ನಿಂತು ತೂರಲಾಗದು.

ತೇವಾಂಶಕ್ಕೆ ಬರೋಣ. ಮೆಣಸನ್ನು ಅವನ್‌ನಲ್ಲಿ ಒಣಗಿಸಿ ತೂಕ ಇಳಿದದ್ದನ್ನೆಲ್ಲ ನೀರು ಎಂದು ಬರೆಯಬೇಡಿ. ಕಾಳಿನಲ್ಲಿ 2ರಿಂದ 4% ಹಾರುವ ಎಣ್ಣೆ ಇದೆ, ಬಿಸಿಗೆ ಅದೂ ಹೋಗುತ್ತದೆ. ಟಾಲ್ವೀನ್ ಬಟ್ಟಿ ವಿಧಾನದ ಅಂಕಿಯನ್ನೇ ಸ್ಯಾಂಪಲ್ ಚೀಟಿಯಲ್ಲಿ ಬರೆದು, ವಿಧಾನದ ಹೆಸರನ್ನೂ ಬರೆಯಿರಿ.

ಸ್ಯಾಂಪಲನ್ನು ಕೈಯಲ್ಲಿ ಆರಿಸಿ ಚೆಂದ ಮಾಡಬೇಡಿ. ಕಲಸಿದ ರಾಶಿಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಮತ್ತೆ ಸೇರಿಸಿ, ಹೀಗೇ ಒಂದು ಕಿಲೋಗೆ ಇಳಿಸಿ. ಅರ್ಧ ಕಿಲೋ ಅವರಿಗೆ, ಅರ್ಧ ಕಿಲೋ ಅದೇ ಲಾಟ್ ನಂಬರಿನಡಿ ಮೊಹರು ಮಾಡಿ ನಿಮ್ಮಲ್ಲಿ. ನಾಳೆ ತಕರಾರು ಬಂದರೆ ಮಾತಾಡುವುದು ಈ ಪೊಟ್ಟಣ.

ಏಲಕ್ಕಿಯಲ್ಲಿ ಒಂದೇ ಗೊಣಗಾಟ. 8 ಮಿಮೀ ಎಂದು ಬಂದ ಮಾಲಿನಲ್ಲಿ ಮೂರರಲ್ಲೊಂದು ಕಾಯಿ 7.5ರ ಜರಡಿಯಲ್ಲಿ ಇಳಿದುಹೋಯಿತು. 7–8 ಎಂದು ಕೇಳಿದ್ದರಿಂದ ಬಚಾವು, 7ರ ಜರಡಿಯ ಮೇಲೆ ನಿಂತದ್ದನ್ನೇ ಕಳಿಸುತ್ತಿದ್ದೇವೆ. ಉತ್ತರ ವಿಯೆಟ್ನಾಮಿನ ಗುಡ್ಡಗಳಲ್ಲಿ ಹೊಗೆಯಲ್ಲಿ ಒಣಗಿಸುವ ದೊಡ್ಡ ಕಪ್ಪು ಏಲಕ್ಕಿಯೂ ಇರುವುದರಿಂದ, ಕಾಯಿಯ ಫೋಟೋ ಕಳಿಸಿ ಹಸಿರು ಸಣ್ಣದೇ ಎಂದು ಖಚಿತ ಮಾಡಿಕೊಂಡಾಗಿದೆ.

ಇನ್ನು ಹಣ. ಮಾಲು ಸೇರಿದ ಮೇಲೆ 70% ಎಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಎಲ್‌ಸಿ ತೆರೆಸೋಣವೆಂದರೆ ಈ ಗಾತ್ರದ ಆರ್ಡರಿನ ಲಾಭವನ್ನು ಬ್ಯಾಂಕಿನ ಶುಲ್ಕವೇ ತಿನ್ನುತ್ತದೆ. ಬ್ಯಾಂಕ್ ಮೂಲಕ ದಾಖಲೆ ಕಳಿಸಿ, ಹಣ ಕಟ್ಟಿದ ಮೇಲಷ್ಟೇ ಅದನ್ನು ಕೊಳ್ಳುವವರಿಗೆ ಕೊಡಿಸುವ ಡಿಪಿ ಸುಲಭವಾಗಿ ಕಾಣುತ್ತದೆ, ಆದರೆ ಅದರ ಪೆಟ್ಟು ವಿಯೆಟ್ನಾಮಿನವರೇ ತಿಂದಿದ್ದಾರೆ. 2022ರಲ್ಲಿ ಇಟಲಿಗೆ ಕಳಿಸಿದ ಗೋಡಂಬಿಯ ಮೂಲ ದಾಖಲೆಗಳು ದಾರಿಯಲ್ಲೇ ಕಾಣೆಯಾದವು, 2023ರಲ್ಲಿ ದುಬೈಗೆ ಹೋದ ಮೆಣಸು, ಚಕ್ಕೆ, ಗೋಡಂಬಿ ಕಂಟೇನರುಗಳಲ್ಲೂ ಇಂಥದೇ ಆಯಿತು. ಇದನ್ನು ಬಲ್ಲ ವ್ಯಾಪಾರಿಗೆ ನಮ್ಮ ಅಂಜಿಕೆಯನ್ನು ವಿವರಿಸಬೇಕಿಲ್ಲ.

ಏಲಕ್ಕಿಯದು ಇನ್ನೂ ಸೂಕ್ಷ್ಮ. 50 ಕಿಲೋ ವಿಮಾನದಲ್ಲಿ ಹೋಗುತ್ತದೆ, ಏರ್‌ವೇ ಬಿಲ್ ಮಾಲಿನ ಒಡೆತನದ ಪತ್ರವಲ್ಲ. ಅದರಲ್ಲಿ ಹೆಸರಿರುವವರು ಮೂಲಪ್ರತಿ ತೋರಿಸದೆಯೇ ಮಾಲು ಬಿಡಿಸಿಕೊಳ್ಳಬಹುದು. ಹಡಗಿನ ಬಿಲ್ ಆಫ್ ಲೇಡಿಂಗ್ ಹಾಗಲ್ಲ, ಟು ಆರ್ಡರ್ ಎಂದು ಮಾಡಿಸಿದರೆ ಮೂಲಪ್ರತಿ ಇಲ್ಲದೆ ಮಾಲು ಕೊಡಕೂಡದು. ಹಾಗಾಗಿ ನಾವು ಕಳಿಸಿದ ಉತ್ತರದಲ್ಲಿ ಎರಡಕ್ಕೂ ಷರತ್ತು ಬೇರೆ: ಏಲಕ್ಕಿಗೆ ಪೂರ್ತಿ ಮುಂಗಡ, ಬೇಕಿದ್ದರೆ ಮೊದಲು 10 ಕಿಲೋ ಮಾತ್ರ. ಮೆಣಸಿಗೆ 30% ಮುಂಗಡ ಅವರು ಹೇಳಿದಂತೆಯೇ, ಉಳಿದ 70% ಬಿಲ್ ಆಫ್ ಲೇಡಿಂಗ್ ಸ್ಕ್ಯಾನ್ ನೋಡಿ ಏಳು ದಿನದೊಳಗೆ, ಹಣ ಖಾತೆಗೆ ಬಂದ ಮೇಲೆ ಮೂಲಪ್ರತಿ ಕೊರಿಯರ್. ಸ್ಯಾಂಪಲ್ ಉಚಿತ, ಕೊರಿಯರ್ ಖರ್ಚು ಅವರದು, ಆರ್ಡರ್ ಬಂದರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಫೈಟೋ ಕೈಗೆ ಬಂದ ದಿನ ಪೊಟ್ಟಣ ಹೊರಡುತ್ತದೆ.