ಡಬ್ಬದ ಮೇಲೆ 65, ಒಳಗೆ 45

ಲ್ಯಾಪ್‌ಟಾಪ್ ಚಾರ್ಜರ್ ಸತ್ತೋಯ್ತು ಅಂತ ಆನ್‌ಲೈನಲ್ಲಿ 65 ವ್ಯಾಟ್‌ದು ಒಂದು ತರಿಸಿದ್ದೆ. ಡಬ್ಬದ ಮೇಲೂ 65W ಅಂತಾನೇ ಇತ್ತು, ಹಾಕಿದ್ರೆ ಚಾರ್ಜೂ ಆಗ್ತಿತ್ತು, ಆದ್ರೆ ಸ್ವಲ್ಪ ಜಾಸ್ತಿ ಕೆಲಸ ಕೊಟ್ರೆ ಸಾಕು, ಪ್ಲಗ್ ಹಾಕಿದ್ರೂ ಬ್ಯಾಟರಿ ಇಳೀತಾ ಹೋಗೋದು. ಚಾರ್ಜರ್ ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡ್ದೆ, ಬೂದು ಬಣ್ಣದ ಸಾಸಿವೆ ಕಾಳಷ್ಟು ಅಕ್ಷರದಲ್ಲಿ Output ಅಂತಿರೋ ಕಡೆ ಅತೀ ದೊಡ್ಡ ಲೆಕ್ಕವೇ 20V 2.25A. ಗುಣಿಸಿದ್ರೆ 45. 65 ಆಗ್ಬೇಕಂದ್ರೆ 3.25A ಇರ್ಬೇಕಿತ್ತು. ಒಂದೇ ಒಂದು ಅಂಕಿ!

ಸಿಟ್ಟಲ್ಲಿ ಕೂತು ಒಂದು ಪುಟ ಬರೆದೆ. ಮೋಸ, ದಗಾ, ನಾಚಿಕೆ ಆಗ್ಬೇಕು, ಎಲ್ಲಾ ಇತ್ತು ಅದ್ರಲ್ಲಿ, ಕೊನೆಗೆ ‘ವಿವರ ಸ್ಕ್ರೀನ್‌ಶಾಟ್‌ನಲ್ಲಿದೆ, ನೋಡಿಕೊಳ್ಳಿ’ ಅಂತ ಮುಗಿಸಿದ್ದೆ. ಮಾರನೇ ದಿನ ಒಂದೇ ಸಾಲು ಉತ್ತರ ಬಂತು: ದಯವಿಟ್ಟು ಆರ್ಡರ್ ನಂಬರ್ ತಿಳಿಸಿ. ಮೈಯೆಲ್ಲಾ ಉರಿದೋಯ್ತು.

ತಂಗಿ ಎರಡು ವರ್ಷ ಕಸ್ಟಮರ್ ಕೇರಲ್ಲಿ ಕೆಲಸ ಮಾಡಿದೋಳು, ಅವಳಿಗೆ ತೋರಿಸ್ದೆ. ಓದಿ ನಕ್ಕಳು. “ಅಕ್ಕಾ, ನೀನು ಮೇಲೆ ಬರ್ದಿರೋದು ಕೊರಿಯರ್ ನಂಬರ್ ಕಣೆ, ಅದು ಪಾರ್ಸೆಲ್ ಎಲ್ಲಿದೆ ಅಂತ ಹುಡುಕೋಕೆ. ಇವ್ರು ಹುಡುಕೋದು Order ID ಹಾಕಿ. ಚಿತ್ರದಲ್ಲಿರೋ ನಂಬರ್ ಅಷ್ಟು ಸುಲಭಕ್ಕೆ ಕಾಪಿ ಆಗಲ್ಲ, ಅದನ್ನ ನೋಡ್ಕೊಂಡು ಟೈಪ್ ಮಾಡೋ ಪುರುಸೊತ್ತು ಅಲ್ಲಿ ಯಾರಿಗಿರುತ್ತೆ?”

ಆ ಸ್ಕ್ರೀನ್‌ಶಾಟ್ ಆದ್ರೂ ನೆಟ್ಟಗಿತ್ತಾ? ಚಾಟಲ್ಲಿ ನಂಗೆ ನಾನೇ ಕಳಿಸ್ಕೊಂಡು ಕಂಪ್ಯೂಟರಿಗೆ ಇಳಿಸಿದ್ದೆ, ದಾರಿಯಲ್ಲೇ ಕುಗ್ಗಿ ಮಸುಕಾಗಿ 8 ಯಾವುದು 3 ಯಾವುದು ಗೊತ್ತಾಗ್ತಿರ್ಲಿಲ್ಲ. ಯಾವ ಐಟಂ ಅನ್ನೋ ಸಾಲಿನ ಮೇಲೆ ಸರಿಯಾಗಿ ಯಾರದೋ ಗುಡ್ ಮಾರ್ನಿಂಗ್ ಮೆಸೇಜ್ ಬಂದು ಕೂತಿತ್ತು. ಅದೇ ಮನೆ ವಿಳಾಸ, ಫೋನ್ ನಂಬರ್ ಮಾತ್ರ ಫಳಫಳ.

ಆರ್ಡರ್ ಪೇಜನ್ನೇ ಮತ್ತೆ ತೆಗೆದು ಹೊಸದಾಗಿ ಹಿಡಿದ್ವಿ, ಪ್ರಾಡಕ್ಟ್ ಪೇಜ್ ಅಲ್ಲ, ಯಾಕಂದ್ರೆ ಅದನ್ನ ಸೆಲ್ಲರ್ ಯಾವಾಗ ಬೇಕಾದ್ರೂ ಬದಲಾಯಿಸಬಹುದು. ವಿಳಾಸದ ಮೇಲೆ ನಾನು ಮಾರ್ಕರಲ್ಲಿ ಗೀಚೋಕೆ ಹೋದೆ, ಅವಳು ಬಿಡ್ಲಿಲ್ಲ, ಆ ಗೀಟು ಅರೆಪಾರದರ್ಶಕ ಅಂತೆ, ಬ್ರೈಟ್‌ನೆಸ್ ಏರಿಸಿದ್ರೆ ಅಡಿ ಇರೋದು ಕಾಣ್ಬಹುದು. ಅಷ್ಟು ಭಾಗ ಕ್ರಾಪ್ ಮಾಡಿ ಬಿಸಾಕಿದ್ಲು. ಆಮೇಲೆ ಸ್ಕ್ರೀನ್‌ಶಾಟಿನ ಒಂದೊಂದೇ ಸಾಲು ನೋಡ್ಕೊಂಡು ಪತ್ರ ಬರೆದ್ವಿ:

“Order ID: (ಪೇಜಿಂದ ಕಾಪಿ ಮಾಡಿ ಹಾಕಿದ್ದು, ಇಲ್ಲಿ ಬೇಡ). 9ನೇ ತಾರೀಖು ಡೆಲಿವರಿ ಆಗಿದೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವಂತೆ ನಾನು ಆರ್ಡರ್ ಮಾಡಿದ್ದು Variant: 65W USB-C, Qty: 1. ಡಬ್ಬದ ಮೇಲೆ 65W ಎಂದೇ ಇದೆ (ಫೋಟೋ 1). ಒಳಗಿದ್ದ ಚಾರ್ಜರ್ ಮೇಲೆ 20V 2.25A, ಅಂದರೆ 45W ಎಂದಿದೆ (ಫೋಟೋ 2). ಹಣ ವಾಪಸ್ ಬೇಕು. ಬದಲಿ ಕಳಿಸುವುದಾದರೆ ಡಬ್ಬ ತೆರೆದು, ಚಾರ್ಜರ್ ಮೇಲಿನ ಬರಹ ಓದಿ ಕಳಿಸಿ.”

ಆ ಕೊನೆ ಮಾತು ನಂದೇ. ಡಬ್ಬದ ಲೇಬಲ್ ಸರಿ ಇದ್ಮೇಲೆ ಪ್ಯಾಕ್ ಮಾಡಿದೋರು ಸ್ಕ್ಯಾನ್ ಮಾಡಿದ್ದೂ ಸರೀನೇ, ತಪ್ಪು ಆಗಿರೋದು ಡಬ್ಬಕ್ಕೆ ತುಂಬಿದ ಜಾಗದಲ್ಲಿ, ಅಂದ್ಮೇಲೆ ಅದೇ ರಾಶಿಯಿಂದ ಇನ್ನೊಂದು ಎತ್ತಿ ಕಳಿಸಿದ್ರೂ ಅದೇ ಹಣೆಬರಹ. ಬೇರೆ ಡಬ್ಬ ಬಂದಿದ್ರೆ ಕಣ್ಣುಮುಚ್ಚಿ ಬದಲಿ ಕೇಳ್ತಿದ್ದೆ.

ತಂಗಿ ಇನ್ನೊಂದು ಸಾಲು ಸೇರಿಸಿದ್ಲು: “ವಾಪಸ್ ಕೊಡುತ್ತಿರುವುದು 45W ಚಾರ್ಜರ್, ಇದನ್ನು ರಿಟರ್ನ್ ನೋಟ್‌ನಲ್ಲಿ ದಾಖಲಿಸಿ.” ಇದ್ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ.

ಸಂಜೆಗೇ ರೀಫಂಡ್ ಒಪ್ಕೊಂಡ್ರು. ಮೂರನೇ ದಿನ ಪಿಕಪ್‌ಗೆ ಬಂದ ಹುಡುಗ ಡಬ್ಬ ಬಿಚ್ಚಿ, ಮೊಬೈಲ್ ನೋಡಿ, ಚಾರ್ಜರ್ ನೋಡಿ, “ಮೇಡಂ, ಇದ್ರಲ್ಲಿ 65 ಅಂತಿದೆ, ನೀವು ಕೊಡ್ತಿರೋದು 45, ಮ್ಯಾಚ್ ಆಗ್ದಿದ್ರೆ ನಾನು ತಗೊಳ್ಳೋ ಹಾಗಿಲ್ಲ” ಅಂದ. ಎದೆ ಧಸಕ್ ಅಂತು. ನೋಡಿ ಹೆಂಗಿದೆ, ತಪ್ಪು ಐಟಂ ಕಳಿಸಿದ್ದು ಅವ್ರು, ತಪ್ಪು ಐಟಂ ವಾಪಸ್ ಕೊಡ್ತಿರೋ ಕಳ್ಳಿ ನಾನು!

“ಸ್ವಲ್ಪ ಕೆಳಗೆ ನೋಡಪ್ಪಾ, ನೋಟ್ ಇರ್ಬೇಕು” ಅಂದೆ. ಬೆರಳಲ್ಲಿ ಜಾರಿಸಿ ಓದ್ದ. “ಹಾಂ, ಇದೆ ಮೇಡಂ” ಅಂದು ಚೀಲಕ್ಕೆ ಹಾಕ್ಕೊಂಡು ಹೊರಟ.